ಹಾಡಿಗೆ ಮನೆಗೊಬ್ಬರು

ನೇತ್ರಾವತಿ ಮಂಡಿಪೇಟೆಯಲ್ಲಿ ರವಿಕೆಗೆ ಬೇಕಾದ ಲೈನಿಂಗ್ ಬಟ್ಟೆ ಕೊಂಡು ಅಂಗಡಿಯ ಮೆಟ್ಟಿಲಿಳಿಯುತ್ತಿದ್ದಾಗ ರಸ್ತೆಯ ಆಚೆ ಬದಿಯಲ್ಲಿ ಅವಳ ಮಗಳು ಚೌಡೇಶ್ವರಿ ನಿಂತು ಮಂಡಕ್ಕಿ ತಿನ್ನುತ್ತಿದ್ದಳು. ಅದರಲ್ಲಿ ಅಂಥ ಆಶ್ಚರ್ಯವೇನೂ ಇರಬೇಕಾಗಿರಲಿಲ್ಲ. ಹರಿಹರದಿಂದ ದಾವಣಗೆರೆ ಏನು ಮಹಾ ದೂರ, ಬಸ್ಸಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಊರು ಬಂದಿರುತ್ತದೆ. ಆದರೆ ನೇತ್ರಾವತಿಯ ಕಿವಿಯಲ್ಲಿ ಇಯರ್‌ಫೋನ್ ಇತ್ತು, ಅದರಲ್ಲಿ ಹಾಡು ನಡೆದಿತ್ತು, ಕೈಯಲ್ಲಿದ್ದ ಫೋನಿನ ಪರದೆಯ ಮೇಲೆ ಎರಡು ದುಂಡನೆಯ ಚಿತ್ರಗಳಿದ್ದವು. ಒಂದು ಅವಳದು, ಇನ್ನೊಂದು ಚೌಡೇಶ್ವರಿಯದು. ಅಂದರೆ ಇದೇ ಗಳಿಗೆಯಲ್ಲಿ ಚೌಡೇಶ್ವರಿಯೂ ಹರಿಹರದ ಗಂಡನ ಮನೆಯಲ್ಲಿ ಕೂತು ಇದೇ ಹಾಡಿನ ಇದೇ ಚರಣವನ್ನು ಕೇಳುತ್ತಿರಬೇಕಾಗಿತ್ತು. ರಸ್ತೆಯಾಚೆಯ ಚೌಡೇಶ್ವರಿಯ ಒಂದು ಕೈಯಲ್ಲಿ ಮಂಡಕ್ಕಿಯ ಪೊಟ್ಟಣವಿತ್ತು, ಇನ್ನೊಂದರಲ್ಲಿ ಅರ್ಧ ಕಚ್ಚಿದ ಮೆಣಸಿನಕಾಯಿ ಬಜ್ಜಿ. ಕಿವಿಯಲ್ಲಿ ಓಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವಳ ಜೊತೆಗೆ ಇನ್ನಿಬ್ಬರು ಹುಡುಗಿಯರಿದ್ದರು, ಮೂವರೂ ಒಂದೇ ಬಣ್ಣದ ಸೀರೆ ಉಟ್ಟಿದ್ದರು, ಮೂವರ ಕೊರಳಲ್ಲೂ ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಕೊಡುತ್ತಾರಲ್ಲ ಅಂಥ ಹೆಸರಿನ ಪಟ್ಟಿ ಜೋತಾಡುತ್ತಿತ್ತು. ಒಬ್ಬಳು ಏನೋ ಅಂದಳು. ಚೌಡೇಶ್ವರಿ ಬಾಯಿಗೆ ಕೈ ಅಡ್ಡ ಹಿಡಿದು ಮೈಯೆಲ್ಲ ಅಲುಗುವ ಹಾಗೆ ನಕ್ಕಳು.

ಆಗಲೇ ಫೋನಿನ ಹಾಡುಗಳ ಸಾಲಿಗೆ ಹೊಸದೊಂದು ಹಾಡು ಬಂದು ಕೂತಿತು. ಅದರ ಪಕ್ಕದಲ್ಲಿ ಸೇರಿಸಿದವರ ಪುಟ್ಟ ಚಿತ್ರ: ಚೌಡೇಶ್ವರಿ. ನೇತ್ರಾವತಿ ಮಗಳ ಕೈ ನೋಡಿದಳು, ಫೋನು ನೋಡಿದಳು. ತನಗೇ ತಿಳಿಯದಂತೆ ಹೆಬ್ಬೆರಳಿನಿಂದ ಹಾಡನ್ನು ನಿಲ್ಲಿಸಿದಳು. ಇಲ್ಲಿ ನಿಲ್ಲಿಸಿದರೆ ಅಲ್ಲಿಯೂ ನಿಲ್ಲುತ್ತದೆ, ಅದನ್ನು ಮಗಳೇ ಕಲಿಸಿದ್ದು. ಕಿವಿಯೊಳಗೆ ಒಮ್ಮೆಲೇ ಮಂಡಿಪೇಟೆಯ ಗದ್ದಲ ನುಗ್ಗಿತು. ರಸ್ತೆಯಾಚೆಯ ಮುಖದಲ್ಲಿ ಏನೂ ಬದಲಾಗಲಿಲ್ಲ, ಅವಳು ಬಜ್ಜಿಯ ತೊಟ್ಟನ್ನು ಮೋರಿಗೆ ಎಸೆದಳು ಅಷ್ಟೆ. ಸ್ವಲ್ಪ ಹೊತ್ತಿಗೆ ನಿಂತ ಜಾಗದಿಂದಲೇ ಹಾಡು ತಾನಾಗಿ ಮತ್ತೆ ಶುರುವಾಯಿತು. ತಾನಾಗಿ ಅಲ್ಲ. ಆ ಕಡೆ ಯಾರೋ ಒತ್ತಿದ್ದರು. ಹುಡುಗಿಯರು ಕೈ ಕೊಡವಿಕೊಂಡು, ಪಟ್ಟಿ ಸರಿಮಾಡಿಕೊಂಡು ಎದುರಿನ ಗಾಜಿನ ಬಾಗಿಲೊಳಗೆ ಹೋದರು. ಅವಳು ಕೂಗಲಿಲ್ಲ. ಹೆತ್ತ ಮಗಳನ್ನು ನಡುರಸ್ತೆಯಲ್ಲಿ ಹೆಸರು ಹಿಡಿದು ಕೂಗಲಿಕ್ಕೆ ಆಗಲಿಲ್ಲ, ಯಾಕೆಂದರೆ ಆ ಹೆಸರು ಆಗ ಬೇರೆ ಯಾರ ಬಳಿಯೋ ಇತ್ತು.

ಮದುವೆಯಾಗಿ ಹೋದ ಹೊಸದರಲ್ಲಿ ಚೌಡೇಶ್ವರಿಯೇ ಇದನ್ನೆಲ್ಲ ಹೊಂದಿಸಿ ಕೊಟ್ಟವಳು. ದಿನಾ ಫೋನು ಮಾಡಿದರೆ ಮಾತಾಡಲು ಏನಿರುತ್ತದೆ, ಏನು ಅಡಿಗೆ, ಏನು ಊಟ, ಮೈ ಹುಷಾರಾ, ಮುಗಿಯಿತು. ಅದೂ ಅತ್ತೆಯ ಮನೆಯ ಪಡಸಾಲೆಯಲ್ಲಿ ನಿಂತು ಮಾತಾಡಬೇಕು. ಅದಕ್ಕೆ ಬದಲು ಇಬ್ಬರೂ ಕೂತು ಹಾಡು ಕೇಳೋಣ ಅಂದಿದ್ದಳು. ದೂರದೂರದಲ್ಲಿದ್ದು ಒಟ್ಟಿಗೆ ಕೇಳಬೇಕಾದರೆ ಇಬ್ಬರೂ ಹಾಡಿನ ಆ್ಯಪಿಗೆ ಚಂದಾದಾರರಾಗಿರಬೇಕಂತೆ, ಆ ಏರ್ಪಾಡನ್ನೂ ಅವಳೇ ಮಾಡಿದ್ದಳು. ಒಂದು ಹಾಡು ಹಚ್ಚಿ, ಮೂಲೆಯ ಗುರುತು ಒತ್ತಿ ಸೆಷನ್ ಶುರು ಮಾಡಬೇಕು. ಅದು ಒಂದು ಲಿಂಕ್ ಕೊಡುತ್ತದೆ. ಅದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅವಳು ಅಲ್ಲಿಂದ ಒತ್ತಿ ಒಳಗೆ ಬರುತ್ತಾಳೆ. ಅವಳ ಚಿತ್ರ ತನ್ನ ಚಿತ್ರದ ಪಕ್ಕ ಬಂದು ನಿಂತಿತೆಂದರೆ ಅವಳು ಬಂದಳೆಂದು ಅರ್ಥ. ಆಮೇಲೆ ಯಾರು ಬೇಕಾದರೂ ಸಾಲಿಗೆ ಹಾಡು ಸೇರಿಸಬಹುದು. ಮಾತು ಮಾತ್ರ ಹೋಗುವುದಿಲ್ಲ, ಹಾಡಷ್ಟೆ. ನಡುವೆ ಯಾರಾದರೂ ಕರೆ ಮಾಡಿದರೆ ಹಾಡು ನಿಂತು ಕರೆ ಬರುತ್ತದೆ. ಸಾಲು ಮುಗಿದರೆ ಅದೇ ತನಗೆ ತೋಚಿದ್ದು ಹಾಕುತ್ತದೆ, ಆಗ ಹಾಡಿನ ಪಕ್ಕದಲ್ಲಿ ಯಾರ ಚಿತ್ರವೂ ಇರುವುದಿಲ್ಲ. ಮತ್ತೆ, ಶುರು ಮಾಡಿದವಳು ನೀನಾದ್ದರಿಂದ ಯಜಮಾನಿ ನೀನೇ ಅವ್ವ, ಬೇಡದವರನ್ನು ಹೊರಗೆ ಹಾಕುವುದೂ ನಿನ್ನ ಕೈಯಲ್ಲಿ, ನೀನು ಮುಗಿಸಿದರೆ ಎಲ್ಲರಿಗೂ ಮುಗಿಯುತ್ತದೆ. ಯಜಮಾನಿ ಅನ್ನುವ ಮಾತು ನೇತ್ರಾವತಿಗೆ ಹಿತವಾಗಿತ್ತು. ಮನೆಯಲ್ಲಿ ಗಂಡ ಅಂಜಿನಪ್ಪನೂ ಆ ಮಾತನ್ನು ಅವಳಿಗೆ ಅಂದವನಲ್ಲ.

ಹಾಗೆ ದಾವಣಗೆರೆಯ ಅಂಚಿನ ಆವರಗೆರೆಯ ಮನೆಯ ಕಿಟಕಿಯ ಕೆಳಗೆ, ಮಧ್ಯಾಹ್ನದ ಬಿಸಿಲು ಹೊಲಿಗೆ ಯಂತ್ರದ ಕಾಲಿನ ತನಕ ಬಂದಾಗ, ಅವಳು ರವಿಕೆಗಳಿಗೆ ಹುಕ್ಕು ಹಚ್ಚುತ್ತ, ಸೀರೆಗಳಿಗೆ ಫಾಲ್ ಹೊಲಿಯುತ್ತ ಕೇಳುತ್ತಿದ್ದಳು. ಕೇಳುತ್ತಿದ್ದಳು ಅನ್ನುವುದಕ್ಕಿಂತ ನೋಡುತ್ತಿದ್ದಳು. ಆ ದುಂಡನೆಯ ಚಿತ್ರ ಬಂದು ನಿಂತ ಕೂಡಲೇ ಎದೆ ಹಗುರಾಗುತ್ತಿತ್ತು. ಬರುವುದು ತಡವಾದರೆ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಮೊದಲು ಚೌಡೇಶ್ವರಿ ಹಾಕುತ್ತಿದ್ದದ್ದು ಕುಣಿಯುವ ಹೊಸ ಸಿನಿಮಾದ ಹಾಡುಗಳು, ನೇತ್ರಾವತಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಈ ಎರಡು ತಿಂಗಳಿಂದ ಅವು ನಿಂತೇ ಹೋಗಿದ್ದವು. ಈಗ ಮಗಳು ಹಾಕುವುದೆಲ್ಲ ಸೋಬಾನೆ ಪದ, ತತ್ವಪದ, ಉಕ್ಕಡಗಾತ್ರಿಯ ಕರಿಬಸವಜ್ಜನ ಭಕ್ತಿಗೀತೆ. ನೇತ್ರಾವತಿ ಹಿಗ್ಗಿ ಹೀರೇಕಾಯಿಯಾಗಿದ್ದಳು. ರವಿಕೆ ಒಯ್ಯಲು ಬಂದ ಪಕ್ಕದ ಮನೆಯ ಶಹಜಾದಿಗೆ ಫೋನು ತೋರಿಸಿ, ನೋಡು, ಹೆಂಗೆ ಪಕ್ವ ಆಗ್ಯಾಳೆ ನನ್ನ ಮಗಳು, ಎಲ್ಲ ನಾನು ಬೆಳೆಸಿದ್ದು ಅಂದಿದ್ದಳು. ಶಹಜಾದಿ ಪರದೆಗೆ ಮುಖ ಹತ್ತಿರ ತಂದು ನೋಡಿ, ನಮ್ಮ ಅತ್ತೆ ಕೇಳೋ ಹಾಡಿನ ಹಂಗೆ ಅದಾವಲ್ಲಕ್ಕ ಅಂದಿದ್ದಳು. ಆಗ ಅದು ಹೊಟ್ಟೆಕಿಚ್ಚೆಂದು ತೋರಿತ್ತು.

ಹರಿಹರದ ಬಸ್ಸು ಹತ್ತಬೇಕೆಂದು ಅವಳು ತೀರ್ಮಾನಿಸಿದ್ದೇನೂ ಇಲ್ಲ; ಕಾಲುಗಳೇ ಹತ್ತಿದವು. ಕಿಟಕಿ ಪಕ್ಕ ಕೂತು ಲೈನಿಂಗ್ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ ಮೇಲೆಯೇ, ಗಂಡನಿಗೆ ಹೇಳಿಲ್ಲ, ಸಂಜೆಗೆ ಕೊಡಬೇಕಾದ ರವಿಕೆಗಳಿವೆ, ಕರೆಯದೆ ಬೀಗರ ಮನೆಗೆ ಬರಿಗೈಯಲ್ಲಿ ಹೋಗುತ್ತಿದ್ದೇನೆ ಎಂದೆಲ್ಲ ನೆನಪಾದದ್ದು. ಹೋಗಲಿ. ಬರಿಗೈಯಂತೆ ಬರಿಗೈ. ಅವರು ಏನು ತುಂಬಿ ಕಳಿಸಿದ್ದಾರೆ ತನ್ನ ಕೈಗೆ? ಮಗಳನ್ನು ಬಟ್ಟೆ ಅಂಗಡಿಯಲ್ಲಿ ನಿಲ್ಲಿಸಿದ್ದಾರೆ. ಅಳಿಯ ರೇವಂತನ ಕಾರ್ಖಾನೆ ಕೆಲಸ ಸಾಲದೆ ಸೊಸೆಯ ದುಡಿಮೆ ಬೇಕಾಯಿತೇ ಆ ಉಚ್ಚಂಗಮ್ಮನಿಗೆ? ದುಡಿಯಲು ಅಟ್ಟಿ, ಅವಳ ಹೆಸರಿನ ಖಾತೆ ತಾನು ಇಟ್ಟುಕೊಂಡು, ತಾಯಿಗೆ ಸಂಶಯ ಬಾರದಿರಲೆಂದು ದಿನಾ ಮೂರು ಗಂಟೆಗೆ ಒತ್ತಿ ಕೂರುವುದು, ಎಂಥ ಖದೀಮ ಬುದ್ಧಿ. ನೆನೆದಷ್ಟೂ ಒಂದೊಂದೇ ಬಿಚ್ಚಿಕೊಳ್ಳತೊಡಗಿತು. ಅಮಾವಾಸ್ಯೆಯ ದಿನ ಚಿತ್ರ ಬರುತ್ತಲೇ ಇರಲಿಲ್ಲ. ಅತ್ತೆಯ ಜೊತೆ ಉಕ್ಕಡಗಾತ್ರಿಗೆ ಹೋಗಿರಬೇಕೆಂದು ಇವಳು ತಾನಾಗಿ ಸಮಾಧಾನ ಹೇಳಿಕೊಂಡಿದ್ದಳು. ಹೋಗಿದ್ದು ಅತ್ತೆ ಮಾತ್ರ. ಕೆಲವು ದಿನ ಹಾಡಿನ ನಡುವೆಯೇ ಮಗಳ ಕಡೆಯದು ನಿಂತುಹೋಗುತ್ತಿತ್ತು. ನೆಟ್‌ವರ್ಕ್ ಇಲ್ಲ ಎಂದುಕೊಂಡಿದ್ದಳು. ಒಂದೇ ಖಾತೆಯಲ್ಲಿ ಎರಡು ಫೋನಿನಲ್ಲಿ ಒಮ್ಮೆಲೇ ಹಾಡು ನಡೆಯುವುದಿಲ್ಲವೆಂದು ಚೌಡೇಶ್ವರಿಯೇ ಹೇಳಿದ್ದಳಲ್ಲವೇ; ಅಂದರೆ ಹುಡುಗಿ ಅಂಗಡಿಯಲ್ಲೋ ಬಸ್ಸಿನಲ್ಲೋ ತನ್ನ ಪಾಡಿಗೆ ತನ್ನ ಕುಣಿಯುವ ಹಾಡು ಹಚ್ಚಿಕೊಂಡಾಗ ಹರಿಹರದ ಫೋನು ಬಾಯಿ ಮುಚ್ಚುತ್ತಿತ್ತು. ನಾನು ಇಲ್ಲಿ ಪಾಪ ನೆಟ್‌ವರ್ಕು ಎಂದು ಮರುಗುತ್ತಿದ್ದೆ. ಹುಕ್ಕು ಹಚ್ಚುತ್ತ ಮರುಗುತ್ತಿದ್ದೆ. ಯಾರಿಗಾಗಿ?

ದೊಡ್ಡಬಾತಿ ದಾಟುವಾಗ ಅವಳಿಗೆ ಮೈಯೆಲ್ಲ ಉರಿಯುವಂಥ ಇನ್ನೊಂದು ವಿಚಾರ ಹೊಳೆಯಿತು. ಮದುವೆಯಾದ ಹೆಣ್ಣಿನ ಮನಸ್ಸಿಗೆ ಹಗುರಾಗಲಿ ಎಂದು ಅತ್ತೆಯರನ್ನು ಆಡಿಕೊಳ್ಳುವ ಜನಪದ ಹಾಡುಗಳನ್ನು ಇವಳು ಹುಡುಕಿ ಹುಡುಕಿ ಸಾಲಿಗೆ ಹಾಕಿದ್ದಳು. ಗಂಟುಮೋರೆಯ ಅತ್ತೆ, ಬೆಲ್ಲದ ಡಬ್ಬಿ ಬಚ್ಚಿಡುವ ಅತ್ತೆ, ನಡುಮನೆಯಲ್ಲಿ ಕೂತು ಹುಕುಂ ಮಾಡುವ ಅತ್ತೆ. ಒಂದೊಂದು ಹಾಡು ಹಾಕಿದಾಗಲೂ ಮಗಳು ಅಲ್ಲಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾಳೆಂದು ಇವಳು ಇಲ್ಲಿ ನಗುತ್ತಿದ್ದಳು. ಆ ಹಾಡುಗಳ ಹಿಂದೆಯೇ, ತಪ್ಪದೆ, ಚೌಡೇಶ್ವರಿಯ ಹೆಸರಿನಲ್ಲಿ ಕರಿಬಸವಜ್ಜನ ಹಾಡು ಬರುತ್ತಿತ್ತು. ಈಗ ಅರ್ಥವಾಯಿತು. ಅಬ್ಬ, ಬಾಯಿ ಬಿಡದೆ ಎಷ್ಟು ಚೆನ್ನಾಗಿ ಉತ್ತರ ಕೊಟ್ಟಿದ್ದಾಳೆ ಮುದುಕಿ. ನಾಚಿಕೆಯಿಂದ ಅವಳ ಕಿವಿ ಇಯರ್‌ಫೋನಿನ ಸುತ್ತ ಬಿಸಿಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು. ಸೆಷನ್ ಇನ್ನೂ ನಡೆದೇ ಇತ್ತು. ಆ ಕಡೆ ಅನುಮಾನ ಬಾರದಿರಲೆಂದು ಅವಳು ಬೇಕೆಂದೇ ಎರಡು ಹಾಡು ಸೇರಿಸಿದಳು. ಅಲ್ಲಿಂದಲೂ ಒಂದು ಬಂತು. ಕಳ್ಳನ ಕೈಗೆ ತಾನೇ ಬೀಗದ ಕೈ ಕೊಡುತ್ತಿದ್ದೇನೆ ಅನ್ನಿಸಿದರೂ ಹಲ್ಲು ಕಚ್ಚಿ ಕೂತಳು.

ಹರಿಹರದಲ್ಲಿ ಇಳಿದು ದೇವಸ್ಥಾನದ ಹಿಂದಿನ ಓಣಿ ಹೊಕ್ಕಾಗ ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಬೀಗರ ಮನೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಹತ್ತಿರ ಬಂದಾಗ ನೇತ್ರಾವತಿಗೆ ಒಂದು ವಿಚಿತ್ರ ಅನುಭವವಾಯಿತು: ಕಿವಿಯೊಳಗೆ ಹಾಡುತ್ತಿದ್ದ ಹೆಂಗಸು ಮನೆಯೊಳಗಿಂದಲೂ ಹಾಡುತ್ತಿದ್ದಳು. ಎರಡೂ ಒಂದೇ, ಆದರೆ ಒಳಗಿನದು ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಪ್ರತಿ ಮಾತೂ ಎರಡೆರಡು ಸಲ ಕೇಳಿಸಿ ತಲೆ ಸುತ್ತಿದಂತಾಯಿತು. ಇಯರ್‌ಫೋನ್ ಕಿತ್ತಳು. ಉಳಿದದ್ದು ಒಳಗಿನದೊಂದೇ. ಪಡಸಾಲೆಯಲ್ಲಿ ಉಚ್ಚಂಗಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ಮೊರದ ತುಂಬ ಶೇಂಗಾ ಹರವಿಕೊಂಡು ಸುಲಿಯುತ್ತಿದ್ದಳು. ಎದುರಿಗೆ, ಮಗುಚಿಟ್ಟ ಅಳತೆಯ ಸೇರಿಗೆ ಒರಗಿಸಿದ ಒಂದು ಹಳೆಯ ಫೋನು. ಅದು ಚೌಡೇಶ್ವರಿ ಕಾಲೇಜಿಗೆ ಹೋಗುವಾಗ ಇಟ್ಟುಕೊಂಡಿದ್ದ ಫೋನು, ಮೂಲೆಯ ಗಾಜು ಒಡೆದದ್ದು, ನೇತ್ರಾವತಿಯೇ ಕೊಡಿಸಿದ್ದು. ಮುದುಕಿಯ ಕಣ್ಣು ಅರೆ ಮುಚ್ಚಿತ್ತು. ಹಾಡಿನ ಸೊಲ್ಲು ಮುಗಿದಾಗಲೆಲ್ಲ ಶೇಂಗಾ ಹಿಡಿದ ಕೈ ಗಾಳಿಯಲ್ಲೇ ನಿಂತು ಮುಂದಿನ ಸೊಲ್ಲಿಗೆ ಕಾಯುತ್ತಿತ್ತು. ನೇತ್ರಾವತಿ ಅದನ್ನು ಕಂಡಳು. ಕಂಡೂ ಕಾಣದವಳಂತೆ ಚಪ್ಪಲಿ ಬಿಟ್ಟಳು.

ಉಚ್ಚಂಗಮ್ಮ ಬೆಚ್ಚಲಿಲ್ಲ. ಫೋನನ್ನು ಅಡಗಿಸಲೂ ಇಲ್ಲ. ಬರ್ರಿ ಬೀಗ್ರೆ, ಕೂಡ್ರಿ, ನೀರು ತರ್ತೀನಿ ಎಂದು ಏಳಲು ನೋಡಿದಳು. ಕಳ್ಳತನ ಸಿಕ್ಕಿಬಿದ್ದವರು ಹೀಗೆ ಕಾಲಿನ ಧೂಳು ಕೊಡವಿಕೊಂಡು ನೀರು ತರಲು ಏಳುವುದಿಲ್ಲ. ಅದೇ ನೇತ್ರಾವತಿಯನ್ನು ಇನ್ನೂ ಕೆರಳಿಸಿತು. ನೀರು ಬೇಡ ಅಂದಳು. ನಿಂತೇ ಇದ್ದಳು. ಎರಡು ತಿಂಗಳಿಂದ ಮಗಳೆಂದುಕೊಂಡು ಯಾರ ಜೊತೆ ಕೂತಿದ್ದೆ ಎಂದು ನೋಡಿಹೋಗಲು ಬಂದೆ ಅಂದಳು. ಮಂಡಿಪೇಟೆಯಲ್ಲಿ ಕಂಡದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ಧ್ವನಿ ಏರಿತು. ಸೊಸೆಯನ್ನು ಅಂಗಡಿಯಲ್ಲಿ ದುಡಿಯಲು ನಿಲ್ಲಿಸಿ ಅವಳ ಹೆಸರು ಹಾಕಿಕೊಂಡು ನನಗೆ ಮೋಸ ಮಾಡಿದ್ದೀರಿ, ಇದು ಮನೆತನಸ್ಥರು ಮಾಡುವ ಕೆಲಸವೇ ಎಂದು ಕೇಳಿದಳು. ಎದುರು ಮನೆಯ ಹೆಂಗಸೊಬ್ಬಳು ಕಟ್ಟೆಗೆ ಬಂದು ನಿಂತಳು. ನೋಡಲಿ. ನಾಲ್ಕು ಜನ ನೋಡಲಿ ಅಂತಲೇ ತಾನು ಕೂಗುತ್ತಿದ್ದೇನೆ ಎನ್ನುವುದು ನೇತ್ರಾವತಿಗೆ ಗೊತ್ತಿತ್ತು. ಕೂಗುವಾಗ ತನ್ನ ಧ್ವನಿ ತನಗೇ ಸೇರದೆ ಹೋಗುತ್ತಿದ್ದದ್ದೂ ಗೊತ್ತಿತ್ತು.

ಉಚ್ಚಂಗಮ್ಮ ಎಲ್ಲ ಕೇಳಿಸಿಕೊಂಡಳು. ಹಾಡು ನಡೆದೇ ಇತ್ತು. ಅವಳು ಕೈ ಚಾಚಿ, ಒಂದೇ ಬೆರಳಿನಿಂದ, ಜೋಪಾನವಾಗಿ ಅದನ್ನು ನಿಲ್ಲಿಸಿದಳು. ನೇತ್ರಾವತಿಯ ಮುಷ್ಟಿಯಲ್ಲಿದ್ದ ಇಯರ್‌ಫೋನಿನ ಸಣ್ಣ ದನಿಯೂ ನಿಂತಿತು.

"ಮೋಸ ಎಲ್ಲಿಂದ ಬಂತ್ರಿ ಇದ್ರಾಗೆ?" ಅಂದಳು ಉಚ್ಚಂಗಮ್ಮ. "ಹುಡುಗಿ ಕೆಲಸಕ್ಕೆ ಹೋಗ್ತೀನಿ ಅಂದ್ಲು, ಹೋಗವ್ವ ಅಂದೆ. ಮೂರು ಗಂಟೆಗೆ ಅವ್ವನ ಹಾಡು ಇರ್ತೈತೆ, ಏನ್ ಮಾಡ್ಲಿ ಅತ್ತೆ ಅಂದ್ಲು. ನಾ ಕುಂದರ್ತೀನಿ ಬಿಡು ಅಂದೆ. ಈ ಹಳೇ ಫೋನು ಕೊಟ್ಟಾಳೆ, ನಿಮ್ಮ ಲಿಂಕು ಇದಕ್ಕೆ ಕಳಿಸ್ತಾಳೆ, ನಾ ಒತ್ತಿ ಕೇಳ್ತೀನಿ. ಮದುವಿಗೆ, ಮಣ್ಣಿಗೆ ಮನೀಗೊಬ್ರು ಹೋದ್ರೆ ಆತಲ್ರಿ? ಮನೆಯೋರೆಲ್ಲ ಹೋಗಾಕೆ ಆಗ್ತೈತೇನು? ಈ ಮನೆಯಿಂದ ನಾ ಕುಂತೀನಿ."

ಮನೆಗೊಬ್ಬರು. ಅವಳೂ ಹುಟ್ಟಿದಂದಿನಿಂದ ನೋಡಿಕೊಂಡು ಬಂದದ್ದು ಅದೇ. ಯಾರದೋ ಮನೆಯ ಕಾರ್ಯಕ್ಕೆ ಅಂಜಿನಪ್ಪನನ್ನು ಅಟ್ಟಿ ತಾನು ಹೊಲಿಗೆ ಮುಗಿಸಿದ್ದು ಎಷ್ಟು ಸಲ. ಹೋದವರು ಅಕ್ಕಿ ಹಾಕಿ ಬಂದರೆ ಮನೆಯವರೆಲ್ಲ ಹಾಕಿದಂತೆ. ಆದರೆ ಇದು ಅದಲ್ಲ, ಇದು ಅದಲ್ಲವೇ ಅಲ್ಲ ಎಂದು ಹೇಳಬೇಕೆನಿಸಿತು. ತನ್ನ ಮಧ್ಯಾಹ್ನಗಳು ಯಾರದೋ ಮನೆಯ ಮದುವೆಯೇ, ಹಾಜರಿ ಹಾಕಿ ಹೋಗಲು? ಅದಕ್ಕೆ ಮಗಳು ಒಬ್ಬರನ್ನು ಕಳಿಸಿಕೊಟ್ಟಳೇ? ಸಿಟ್ಟು ಉಚ್ಚಂಗಮ್ಮನ ಮೇಲಿಂದ ಜಾರಿ ನಿಲ್ಲಲು ಜಾಗ ಹುಡುಕುತ್ತಿತ್ತು, ಹೋಗಿ ನಿಂತ ಜಾಗ ಅವಳಿಗೆ ಹಿಡಿಸಲಿಲ್ಲ. ಆದ್ದರಿಂದ ಮತ್ತೆ ಮುದುಕಿಯ ಮೇಲೆಯೇ ತಿರುಗಿದಳು. ಇಷ್ಟು ದಿನ ನನ್ನ ಹಾಡು ಕದ್ದು ಕೇಳಲು ನಾಚಿಕೆಯಾಗಲಿಲ್ಲವೇ ಎಂದಳು. ಕದ್ದು ಕೇಳಲಿಲ್ಲ, ಕೂತು ಕೇಳಿದೆ ಎಂದಳು ಉಚ್ಚಂಗಮ್ಮ. ಬೆಲ್ಲದ ಡಬ್ಬಿ ಬಚ್ಚಿಡುವ ಅತ್ತೆಯ ಹಾಡನ್ನು ನೀವು ಮೂರು ಸಲ ಹಾಕಿದಿರಿ, ಅದನ್ನೂ ಕೇಳಿದೆ ಎಂದೂ ಸೇರಿಸಿದಳು. ಮುಖದಲ್ಲಿ ನಗುವಿರಲಿಲ್ಲ.

ಚೌಡೇಶ್ವರಿಗೆ ಫೋನು ಹಚ್ಚಿದ್ದು ಉಚ್ಚಂಗಮ್ಮನೇ. ಅಂಗಡಿಯಲ್ಲಿ ಗಿರಾಕಿಗಳಿದ್ದರೋ ಏನೋ, ಬಹಳ ಹೊತ್ತಿನ ಮೇಲೆ ಎತ್ತಿಕೊಂಡಳು. ನಿಮ್ಮ ಅವ್ವ ಬಂದಾರೆ, ಮಾತಾಡು ಎಂದು ಮುದುಕಿ ಫೋನನ್ನು ನೇತ್ರಾವತಿಯ ಕೈಗೆ ಕೊಟ್ಟು, ಮೊರ ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಆ ಮರ್ಯಾದೆಯೂ ನೇತ್ರಾವತಿಗೆ ಚುಚ್ಚಿತು. ಆ ಕಡೆಯಿಂದ ಸೀರೆಯ ಬಣ್ಣ ಕೇಳುವ ಯಾರದೋ ದನಿ, ಮೆಟ್ಟಿಲಿಳಿಯುವ ಸದ್ದು. ನೇತ್ರಾವತಿ ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಒಂದೂ ನೆನಪಾಗದೆ, ಮಂಡಿಪೇಟೆಯಿಂದ ಆವರಗೆರೆ ಎಷ್ಟು ದೂರ ಐತೆ ಎಂದಷ್ಟೇ ಕೇಳಿದಳು. ದಿನಾ ಈ ಊರಿಗೆ ಬಂದು, ತಾಯಿಯ ಮನೆಯ ಹೊಸ್ತಿಲು ತುಳಿಯದೆ ತಿರುಗಿ ಹೋಗುತ್ತೀಯಲ್ಲ, ನಾನು ಸತ್ತಿದ್ದೇನೆಯೇ ಎಂದಳು. ಚೌಡೇಶ್ವರಿ ಉಸಿರು ಬಿಟ್ಟದ್ದು ಕೇಳಿಸಿತು. ಹೇಳಿದ್ದರೆ ನೀನು ಬಿಡುತ್ತಿದ್ದೆಯಾ ಎಂದು ಕೇಳಿದಳು. ನೀನು ಮಧ್ಯಾಹ್ನ ಊಟಕ್ಕೆ ಬಾ ಅನ್ನುತ್ತಿದ್ದೆ, ಸಂಜೆ ಉಳಿದುಕೊ ಅನ್ನುತ್ತಿದ್ದೆ, ಆಮೇಲೆ ಇಲ್ಲಿಗೆ ಬಂದು ಅತ್ತೆಯ ಮೇಲೆ ಹಾರಾಡುತ್ತಿದ್ದೆ. ಈಗ ಹಾರಾಡಿ ಮುಗಿಸಿರಬೇಕು. ಹೌದೋ ಅಲ್ಲವೋ?

"ಅದಿರಲಿ," ಅಂದಳು ನೇತ್ರಾವತಿ. "ಹಾಡಿಗೆ ಬರಲ್ಲ ಅಂತ ಒಂದು ಮಾತು ಹೇಳಾಕೆ ಏನಾಗಿತ್ತು ನಿನಗೆ?"

"ಅವ್ವ, ನೀ ಹಾಡು ಕೇಳಾಕೆ ಕುಂದರ್ತಿದ್ದಿಲ್ಲ. ನನ್ನ ಕಾಯಾಕೆ ಕುಂದರ್ತಿದ್ದಿ. ಒಂದು ಗಳಿಗೆ ತಡ ಆದ್ರೆ ಎಲ್ಲಿದ್ದಿ, ಯಾಕ ಬಂದಿಲ್ಲ ಅಂತ ಫೋನು. ನನಗೆ ಆ ಹಾಡಿನ ಮ್ಯಾಲೆ ಮನಸು ಇರಲಿಲ್ಲ. ನಿನಗೂ ಇರಲಿಲ್ಲ ಬಿಡು. ಅತ್ತೆಗೆ ಐತೆ."

ಮಗಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬಟ್ಟೆ ಅಳೆದು ಹರಿಯುವವರ ನಿರಾಳತೆ ಇತ್ತು. ಸಾಯಂಕಾಲ ಫೋನು ಮಾಡುತ್ತೇನೆ, ಗಿರಾಕಿ ಬಂದಿದ್ದಾರೆ, ಊಟ ಮಾಡಿಕೊಂಡು ಹೋಗು ಎಂದು ಇಟ್ಟುಬಿಟ್ಟಳು. ನೇತ್ರಾವತಿ ಆ ಒಡೆದ ಮೂಲೆಯ ಫೋನು ಹಿಡಿದು ನಿಂತಿದ್ದಳು. ಕರೆ ಮುಗಿದದ್ದೇ ತಡ, ಹಿಂದಿನ ಪರದೆ ತಾನಾಗಿ ಮೇಲೆ ಬಂತು: ನಿಂತ ಹಾಡು, ಪಕ್ಕಪಕ್ಕದಲ್ಲಿ ಎರಡು ದುಂಡನೆಯ ಚಿತ್ರ. ಈ ಕಡೆಯಿಂದ ನೋಡಿದರೆ ತನ್ನ ಮುಖ ಇಷ್ಟು ಚಿಕ್ಕದೇ. ಮಗಳನ್ನು ಹೆರುವಾಗ, ಮಗಳ ಜ್ವರದಲ್ಲಿ, ಪರೀಕ್ಷೆಯ ದಿನ ಶಾಲೆಯ ಗೇಟಿನ ಹೊರಗಿನ ಬೇವಿನ ಮರದಡಿಯಲ್ಲಿ ತಾನು ಕಾದದ್ದೇ ಕಾದದ್ದು. ಕಾಯುವುದು ತಪ್ಪೇ? ಕಾಯದೆ ಬೆಳೆಯಿತೇ ಆ ಹುಡುಗಿ? ಆಗೆಲ್ಲ ಕಾದವಳನ್ನು ಯಾರೂ ಹೀಗೆ ಅಂದಿರಲಿಲ್ಲ. ಒಬ್ಬಳೇ ಒಬ್ಬಳು ಅಂದಿದ್ದಳು, ಹದಿನಾರರ ಚೌಡೇಶ್ವರಿ, ಆ ಬೇವಿನ ಮರದ ಕೆಳಗಿಂದ ಇವಳನ್ನು ದಾಟಿ ಗೆಳತಿಯರ ಜೊತೆ ಮುಂದೆ ನಡೆಯುತ್ತ, ನೀ ಯಾಕ ಬಂದಿ ಎಂದು ಹಲ್ಲುಕಚ್ಚಿ. ನೇತ್ರಾವತಿ ಅವತ್ತು ಆ ಹುಡುಗಿಯರ ಹಿಂದೆ ಹಿಂದೆ, ಯಾರದೋ ತಾಯಿಯ ಹಾಗೆ, ಮನೆಯ ತನಕ ನಡೆದಿದ್ದಳು. ಫೋನನ್ನು ಸೇರಿಗೆ ಒರಗಿಸಿದಳು. ಅದು ಜಾರಿತು. ಮತ್ತೆ ಒರಗಿಸಿದಳು.

ಉಚ್ಚಂಗಮ್ಮ ತಟ್ಟೆಯಲ್ಲಿ ಅವಲಕ್ಕಿ ಕಲಸಿ ತಂದಳು. ಬೀಗರ ಮನೆಗೆ ಬಂದು ಬಾಯಿಗೆ ಏನೂ ಹಾಕದೆ ಹೋದರೆ ಅದು ಬೈದದ್ದಕ್ಕಿಂತ ದೊಡ್ಡ ಬೈಗುಳವೆಂದು ಇಬ್ಬರಿಗೂ ಗೊತ್ತಿತ್ತು. ನೇತ್ರಾವತಿ ಒಲ್ಲೆ ಅಂದಳು. ಒಂದು ತುತ್ತು ಅಂದಳು ಉಚ್ಚಂಗಮ್ಮ. ಹೊಟ್ಟೆ ತುಂಬಿದೆ, ನೀವು ಮತ್ತು ನನ್ನ ಮಗಳು ಸೇರಿ ತುಂಬಿಸಿದ್ದೀರಿ ಎಂದು ನೇತ್ರಾವತಿ ಚಪ್ಪಲಿ ಮೆಟ್ಟಿದಳು. ತಟ್ಟೆ ಹಿಡಿದ ಮುದುಕಿಯ ಮುಖ ಮೊದಲ ಸಲ ಕಪ್ಪಿಟ್ಟಿತು. ಗೆದ್ದೆ ಎಂದು ಅನ್ನಿಸಬೇಕಿತ್ತು. ಓಣಿಯ ತಿರುವು ದಾಟುವ ತನಕ ಹಾಗೆ ಅನ್ನಿಸಿತು ಕೂಡ.

ಹಿಂದಿರುಗುವ ಬಸ್ಸಿನಲ್ಲಿ ಜಾಗವಿರಲಿಲ್ಲ; ಕಾಲೇಜು ಬಿಟ್ಟ ಹುಡುಗಿಯರ ನಡುವೆ ಕಂಬಿ ಹಿಡಿದು ನಿಂತಳು. ಬಸ್ಸು ಊರ ಹೊರಗೆ ಬಂದಾಗ ಚೀಲದ ಮೇಲಿಂದ ಜೋತಾಡುತ್ತಿದ್ದ ಇಯರ್‌ಫೋನಿನಲ್ಲಿ ಜೀವ ಬಂದಂತೆ ಸಣ್ಣ ಗುಂಯ್ ದನಿ ಎದ್ದಿತು. ಕಿವಿಗೆ ಹಚ್ಚಿದಳು. ಹಾಡು. ಅರ್ಧಕ್ಕೆ ನಿಂತಿದ್ದ ಅದೇ ತತ್ವಪದ, ನಿಂತ ಸೊಲ್ಲಿನಿಂದಲೇ. ಮುದುಕಿ ಆಡಿಸಿದ್ದಳು. ಇಷ್ಟೆಲ್ಲ ಆದ ಮೇಲೆ, ಅವಲಕ್ಕಿಯ ತಟ್ಟೆ ಒಳಗಿಟ್ಟು ಬಂದು, ಏನೂ ಆಗದವಳಂತೆ ಕಾಲು ಚಾಚಿ ಕೂತು, ನನ್ನ ಮಗಳ ಹೆಸರಿನಲ್ಲಿ, ನಾನು ಶುರು ಮಾಡಿದ ಸೆಷನ್ನಿನಲ್ಲಿ. ಎಂಥ ಭಂಡತನ. ಪರದೆಯ ಮೇಲೆ ಮಗಳ ದುಂಡನೆಯ ಚಿತ್ರ ನಗುತ್ತಿತ್ತು. ಮದುವೆಯ ಹಿಂದಿನ ವಾರ ಇವಳೇ ತೆಗೆದ ಫೋಟೋ, ತಾನೇ ಹೊಲಿದ ರವಿಕೆ. ಆ ಚಿತ್ರವನ್ನು ಎರಡು ತಿಂಗಳು ಎಷ್ಟು ಆಸೆಯಿಂದ ನೋಡಿದ್ದಳು. ಅದರ ಹಿಂದೆ ಯಾರೂ ಇರಲಿಲ್ಲ. ಯಾರೂ ಇರಲಿಲ್ಲ ಎಂದು ಅಂದುಕೊಂಡದ್ದೇ ಸೊಲ್ಲು ಮುಗಿದು ಗಾಳಿಯಲ್ಲಿ ನಿಂತ ಕೈಯೊಂದು ಕಣ್ಣಿಗೆ ಕಟ್ಟಿತು, ಅದನ್ನು ತಳ್ಳಿ ಹಾಕಿದಳು. ಯಜಮಾನಿ ತಾನು. ಸೆಷನ್ ಮುಗಿಸುವ ಜಾಗವನ್ನು ಹುಡುಕಿ ಒತ್ತಿದಳು. ಎಲ್ಲರಿಗೂ ಮುಗಿಯುತ್ತದೆ, ಮುಗಿಸಲೇ ಎಂದು ಅದು ಕೇಳಿತು, ಮುಗಿಸು ಎಂದು ಮತ್ತೆ ಒತ್ತಿದಳು. ಹಾಡು ನಿಂತಿತು. ಎರಡು ಚಿತ್ರಗಳಲ್ಲಿ ಒಂದು ಇಲ್ಲವಾಯಿತು. ಹುಡುಗಿಯರು ಯಾವುದಕ್ಕೋ ಕಿಲಕಿಲ ನಕ್ಕರು, ಅದು ತನ್ನನ್ನು ಕಂಡೇ ಎಂದು ಅವಳಿಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಫೋನು ಕೈಯಲ್ಲಿ ಅದುರಿತು. ಚೌಡೇಶ್ವರಿಯ ಹಳೆಯ ನಂಬರು. ಎತ್ತಬಾರದೆಂದುಕೊಂಡೇ ಎತ್ತಿದಳು.

"ಯಾಕ್ರಿ ನಿಲ್ಸಿದ್ರಿ?" ಉಚ್ಚಂಗಮ್ಮನ ದನಿ ಇಷ್ಟು ಹೊತ್ತು ಇಲ್ಲದಷ್ಟು ಬಿರುಸಾಗಿತ್ತು, ಬೈದಾಗ, ತಟ್ಟೆ ಒಲ್ಲೆ ಅಂದಾಗ ಬಾರದ ಸಿಟ್ಟು ಈಗ ಬಂದಿತ್ತು. "ಬಾಯಿಗೆ ಬಂದಂಗೆ ಅಂದ್ರಿ, ಅನ್ನಿಸ್ಕಂಡೆ. ಅವಲಕ್ಕಿ ಒಲ್ಲೆ ಅಂದ್ರಿ, ಹೋಗ್ಲಿ ಅಂದೆ. ಹಾಡು ಅರ್ಧಕ್ಕೆ ಯಾಕ ನಿಲ್ಸಿದ್ರಿ? ಕೊನೇ ಸೊಲ್ಲು ಬಾಕಿ ಇತ್ತು. ನಾ ಕೇಳ್ತಿದ್ದೆ."

ನೇತ್ರಾವತಿ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಚೌಡೇಶ್ವರಿಯೇ ನಿಜವಾಗಿ ಕೂತಿದ್ದ ಆ ಮೊದಲ ತಿಂಗಳುಗಳಲ್ಲಿ ಎಷ್ಟು ಸಲ ಕರೆಂಟು ಹೋಗಿ, ಚಾರ್ಜು ಮುಗಿದು, ಗಿರಾಕಿ ಬಂದು, ಹಾಡು ಅರ್ಧಕ್ಕೆ ಕಡಿದುಹೋಗಿತ್ತು. ಯಾಕೆ ನಿಂತಿತು ಅವ್ವ ಎಂದು ಮಗಳು ಒಮ್ಮೆಯೂ ಕೇಳಿರಲಿಲ್ಲ. ತಾನೂ ಆಕೆಯನ್ನು ಯಾವ ಹಾಡಿನ ಬಗ್ಗೆಯೂ ಕೇಳಿರಲಿಲ್ಲ. ಆ ಹಾಡಿನ ಕೊನೆಯ ಸೊಲ್ಲು ಯಾವುದು ಎಂದು ನೆನಪು ಮಾಡಿಕೊಳ್ಳಲು ಹೋದಳು. ಎಷ್ಟೋ ಸಲ ಕೇಳಿದ್ದ ಹಾಡು, ಬರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಇನ್ನೊಂದು ಲಿಂಕ್ ಕಳಿಸಿರಿ, ಸುಲಿಯುವುದು ಇನ್ನೂ ಅರ್ಧ ಮೊರ ಇದೆ ಎನ್ನುತ್ತಿದ್ದಳು ಆ ಕಡೆಯಿಂದ ಉಚ್ಚಂಗಮ್ಮ, ಕೊಡಬೇಕಾದದ್ದನ್ನು ಕೇಳುವವಳ ಹಾಗೆ.

"ನಿಮ್ಮ ಹೆಸರಿನಾಗ ಬರ್ರಿ," ನೇತ್ರಾವತಿಯ ಧ್ವನಿಗೆ ಬಸ್ಸಿನಲ್ಲಿದ್ದವರೆಲ್ಲ ತಿರುಗಿದರು. "ನನ್ನ ಮಗಳ ಹೆಸರಿನಾಗ ಇನ್ನೊಂದು ಸಲ ಬಂದ್ರೆ ಒಳಗಿಂದ ತೆಗೆದು ಒಗಿತೀನಿ, ಹೇಳೀನಿ."

ಹೆಸರು ಬದಲಾಯಿಸಲು ತನಗೆಲ್ಲಿ ಬರುತ್ತದೆ ಎಂದಳು ಮುದುಕಿ.

"ಬರದಿದ್ರೆ ನಿಮ್ಮ ಸೊಸೀನ್ನ ಕೇಳ್ರಿ. ನಿಮಗಾದ್ರೆ ಹೇಳಿಕೊಡ್ತಾಳೆ."

ಆ ಕಡೆಯಿಂದ ಶೇಂಗಾ ಸಿಪ್ಪೆ ಒಡೆಯುವ ಸದ್ದು ಬಂತು, ಒಂದು, ಇನ್ನೊಂದು. ಯಾರೂ ಫೋನು ಇಡಲಿಲ್ಲ.